ತಾರಸಿ ಅಂದಾಜುಪಟ್ಟಿಯಲ್ಲಿ ‘ಕವರೇಜ್’ ಅಂದರೆ ಎಷ್ಟು, ಏನು?

ಕೇಳಿದವರು, ಅನುವಾದಕಿ:
ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವವರಿಗೆ ಖರ್ಚಿನ ಅಂದಾಜು ಹಾಕುವುದು ಹೇಗೆಂದು ತಿಳಿಸುವ ಕಿರುಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಅಕ್ರಿಲಿಕ್ ಲೇಪದ ಬಗ್ಗೆ ‘ಕವರೇಜ್: ಲೀಟರಿಗೆ 2 ಚದರ ಮೀಟರ್, 2 ಕೋಟ್’ ಎಂದಿದೆ. ಕವರೇಜ್‌ಗೆ ‘ಹರವು’ ಎನ್ನಲೇ, ‘ವ್ಯಾಪ್ತಿ’ ಎನ್ನಲೇ? ಆ ಲೀಟರು ಒಂದು ಕೋಟಿಗೋ ಎರಡಕ್ಕೂ ಸೇರಿಯೋ ಎಂಬುದೂ ತಿಳಿಯುತ್ತಿಲ್ಲ.

ನಿವೃತ್ತ ಗಣಿತ ಮೇಷ್ಟ್ರು:
‘ಹರವು’ ಚೆನ್ನಾಗಿದೆ. ಕೋಟಿಗೆ ‘ಪದರ’ ಸಾಕು. ಲೆಕ್ಕವೂ ಸರಳ: ತಾರಸಿ 12 ಮೀಟರ್ ಉದ್ದ, 8 ಮೀಟರ್ ಅಗಲ ಇದ್ದರೆ 96 ಚದರ ಮೀಟರ್. ಎರಡರಿಂದ ಭಾಗಿಸಿದರೆ 48 ಲೀಟರ್. ಎರಡು ಕೋಟ್ ಎಂದು ಅವರೇ ಹೇಳಿರುವುದರಿಂದ ಮತ್ತೆ ಗುಣಿಸಬೇಕಿಲ್ಲ.

ಸಿವಿಲ್ ಎಂಜಿನಿಯರ್:
ಮೇಷ್ಟ್ರ ಭಾಗಾಕಾರ ಸರಿ, ಆದರೆ 96 ಎಂಬುದು ನೆಲದ ಅಳತೆ ಮಾತ್ರ. ಲೇಪ ಪ್ಯಾರಪೆಟ್ ಗೋಡೆಯ ಬುಡಕ್ಕೂ ಹತ್ತಬೇಕು. ಇಲ್ಲದಿದ್ದರೆ ನೆಲ, ಗೋಡೆ ಸೇರುವ ಮೂಲೆಯಲ್ಲೇ ನೀರು ಇಳಿಯುತ್ತದೆ. ಸುತ್ತಳತೆ 40 ಮೀಟರ್. 30 ಸೆಂಟಿಮೀಟರ್ ಎತ್ತರ ಹತ್ತಿಸಿದರೆ 12 ಚದರ ಮೀಟರ್ ಸೇರಿ 108 ಆಗುತ್ತದೆ.

ಇನ್ನು ಒಂದಕ್ಕೋ ಎರಡಕ್ಕೋ ಎಂಬ ಪ್ರಶ್ನೆ. ಅದನ್ನು ವ್ಯಾಕರಣದಿಂದಲ್ಲ, ದಪ್ಪದಿಂದ ಬಗೆಹರಿಸಬಹುದು. ಒಂದು ಚದರ ಮೀಟರಿಗೆ ಒಂದು ಲೀಟರ್ ಸುರಿದರೆ ಹಸಿ ಪೊರೆ ಸರಿಯಾಗಿ 1 ಮಿಲಿಮೀಟರ್. ಲೇಪದ ಗಾತ್ರದಲ್ಲಿ ಅರ್ಧ ಭಾಗ ಘನಪದಾರ್ಥವಾಗಿದ್ದರೆ ಒಣಗಿದ ಮೇಲೆ ಅರ್ಧ ಮಿಲಿಮೀಟರ್ ಉಳಿಯುತ್ತದೆ. ಹೇಳಿದ ಕವರೇಜ್ ಪ್ರತಿ ಕೋಟಿಗೆ ಎಂದಾದರೆ, ಎರಡು ಕೋಟಿಗೆ ಚದರ ಮೀಟರಿಗೆ ಒಂದು ಲೀಟರ್, ಒಣ ದಪ್ಪ 0.5 ಮಿ.ಮೀ. ಎರಡೂ ಸೇರಿ ಎಂದಾದರೆ ಒಣ ದಪ್ಪ 0.25 ಮಿ.ಮೀ. ಮಾತ್ರ. ತಯಾರಕರ ತಾಂತ್ರಿಕ ವಿವರಪತ್ರದಲ್ಲಿ ಒಣ ದಪ್ಪ ಎಷ್ಟಿರಬೇಕೆಂದು ಕೊಟ್ಟಿದ್ದರೆ, ಈ ಎರಡರಲ್ಲಿ ಯಾವುದು ಹೊಂದುತ್ತದೋ ಅದೇ ಅರ್ಥ.

ಪ್ರತಿ ಕೋಟಿಗೆ ಎಂದಿಟ್ಟುಕೊಳ್ಳಿ: 108 ಲೀಟರ್, ಪೋಲಿಗೆ ಶೇಕಡಾ 10 ಸೇರಿಸಿ ಸುಮಾರು 119, ಅಂದರೆ 20 ಲೀಟರಿನ 6 ಬಕೆಟ್. ಮೇಷ್ಟ್ರ 48ಕ್ಕೆ 3 ಬಕೆಟ್ ಸಾಕಾಗುತ್ತಿತ್ತು. ಆ ಮೂರರಲ್ಲೇ ಕೆಲಸ ಮುಗಿಸಬೇಕೆಂದರೆ ಎಳೆದು ತೆಳುವಾಗಿ ಬಳಿಯುತ್ತಾರೆ, ಇಲ್ಲವೇ ನೀರು ಬೆರೆಸುತ್ತಾರೆ. ಮೇಲ್ನೋಟಕ್ಕೆ ಎಲ್ಲ ಬಿಳಿಯಾಗಿಯೇ ಕಾಣುತ್ತದೆ! ಹಸಿ ಇರುವಾಗ ದಪ್ಪ ಅಳೆಯುವ ಹಲ್ಲಿನ ಗೇಜ್ ಒತ್ತಿ ನೋಡಿದರೆ ಅಥವಾ ಖಾಲಿ ಬಕೆಟ್ ಎಣಿಸಿದರೆ ಮಾತ್ರ ಗೊತ್ತಾಗುತ್ತದೆ.

ಮನೆ ಮಾಲೀಕರೊಬ್ಬರು:
ನಮ್ಮ ತಾರಸಿಯಲ್ಲಿ ಒಂದು ಮೂಲೆಗೆ ನೀರು ನಿಲ್ಲುತ್ತದೆ. ಅಲ್ಲಿಗೆ ಮೂರನೇ ಕೋಟ್ ಹಾಕಿಸಿದರೆ ಅಂದಾಜು ಎಷ್ಟು ಏರುತ್ತದೆ?

ಸಿವಿಲ್ ಎಂಜಿನಿಯರ್:
ಅದು ಬೇರೆಯೇ ಸಮಸ್ಯೆ ಸಾರ್. ಕೋಟ್ ಎಷ್ಟು ಹಾಕಿದರೂ ಇಳಿಜಾರು ಬರುವುದಿಲ್ಲ, ದಿನಗಟ್ಟಲೆ ನೀರು ನಿಂತರೆ ಅನೇಕ ಅಕ್ರಿಲಿಕ್ ಲೇಪಗಳು ಮೆತ್ತಗಾಗಿ ಏಳುತ್ತವೆ. ಮೊದಲು ಗಾರೆಯಿಂದ ಇಳಿಜಾರು ಕೊಡಿಸಿ. ಅದರ ಲೆಕ್ಕ ಘನ ಅಳತೆಯಲ್ಲಿ, ಲೇಪದ ಸಾಲಿಗೆ ಸೇರಿಸಬೇಡಿ.

ಪೇಂಟಿಂಗ್ ಮೇಸ್ತ್ರಿ:
ಹರವು, ವ್ಯಾಪ್ತಿ ಎರಡೂ ನಮ್ಮ ಬಾಯಲ್ಲಿ ಇಲ್ಲ. ‘ಒಂದು ಬಕೆಟ್ ಎಷ್ಟು ಬರುತ್ತೆ’ ಅಂತೀವಿ. ಆದರೆ ‘ಚದರ’ ಅನ್ನೋದನ್ನ ಜೋಪಾನವಾಗಿ ಬರೀರಿ ಮೇಡಂ. ನಾವು ಚದರಕ್ಕೆ ಇಷ್ಟು ಕೂಲಿ ಅಂದ್ರೆ ನೂರು ಚದರ ಅಡಿಗೆ ಅಂತ. ನಿಮ್ಮ 108 ಚದರ ಮೀಟರ್ ನಮಗೆ ಹನ್ನೊಂದೂವರೆ ಚದರದ ಮೇಲೆ ಸ್ವಲ್ಪ. ಆ ಕೂಲಿ ಒಂದು ಕೋಟಿಗೋ ಪೂರ್ತಿ ಕೆಲಸಕ್ಕೋ ಅಂತ ಮೊದಲೇ ಕೇಳಿ. ಉಜ್ಜಿ ತೊಳೆಯೋದು, ಬಿರುಕು ಕೊರೆದು ತುಂಬೋದು ಬೇರೆ. ಮೂಲೆಗೆ ಗೋಲಾಕಾರದಲ್ಲಿ ಗಾರೆ ಹಾಕೋದನ್ನ ಉದ್ದದ ಲೆಕ್ಕದಲ್ಲಿ ಹಿಡೀತೀವಿ, ಇಲ್ಲಿ 40 ಮೀಟರ್. ಪ್ರೈಮರನ್ನೂ ಒಂದು ಕೋಟ್ ಅಂತ ಕೆಲವರು ಎಣಿಸ್ತಾರೆ, ಕೆಲವರು ಎಣಿಸಲ್ಲ. ನಾನು ಎಣಿಸಲ್ಲ.

ಅನುವಾದಕಿ:
ಹಾಗಾದರೆ, ವಿವರಪತ್ರದ ಒಣ ದಪ್ಪ ಪ್ರತಿ ಕೋಟಿನ ಲೆಕ್ಕಕ್ಕೇ ಹೊಂದಿದರೆ, ತಿರುಗಿಸಿ ಬರೆಯುತ್ತೇನೆ: ‘ಬಳಕೆ: ಪ್ರತಿ ಕೋಟಿಗೆ, ಒಂದು ಚದರ ಮೀಟರಿಗೆ ಅರ್ಧ ಲೀಟರ್’. ಓದುಗರು ಭಾಗಿಸದೆ ಗುಣಿಸಿದರೆ ಸಾಕು. ಪ್ರೈಮರ್, ಲೇಪ, ತಯಾರಿ, ಕೂಲಿ ನಾಲ್ಕೂ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಕೂಲಿಯ ಸಾಲಿನಲ್ಲಿ ‘ನೂರು ಚದರ ಅಡಿಗೆ’ ಎಂದೇ ಪೂರ್ತಿ ಬರೆಯುತ್ತೇನೆ.

ನಿವೃತ್ತ ಗಣಿತ ಮೇಷ್ಟ್ರು:
ಪ್ಯಾರಪೆಟ್ ಬಿಟ್ಟದ್ದು ಸರಿ, ಒಪ್ಪಿದೆ. ಆದರೆ ‘ಬಳಕೆ’ ಎಂದರೆ ಉಪಯೋಗಿಸುವ ವಿಧಾನ ಎಂದೂ ಆಗುತ್ತದಲ್ಲ? ‘ತಗಲುವ ಪ್ರಮಾಣ’ ಎಂದರೆ ಹೇಗೆ?

ಪೇಂಟಿಂಗ್ ಮೇಸ್ತ್ರಿ:
‘ಎಷ್ಟು ಹಿಡಿಯುತ್ತೆ’ ಅಂತ ಹಾಕಿ. ತರಿತರಿ ನೆಲ ಜಾಸ್ತಿ ಹಿಡಿಯುತ್ತೆ, ನಯವಾದದ್ದು ಕಮ್ಮಿ. ಅದೂ ಅದರಲ್ಲೇ ಬಂತು.