ಅಪ್‌ಡೇಟ್: ಚಹಾ ಅಂಗಡಿ ಫ್ರಾಂಚೈಸಿಯ ಲೆಕ್ಕ

ನಾನು ಕೇಳಿದ್ದು: "ಪುಣೆಯ ಹಡಪ್‌ಸರದಲ್ಲಿ ಚಹಾ ಫ್ರಾಂಚೈಸಿ ತೆರೆಯಲು 6 ಲಕ್ಷ ಸಾಕು, ಬಂಡವಾಳ 10 ತಿಂಗಳಲ್ಲಿ ವಾಪಸ್ ಎಂದು ಬ್ರೋಷರ್ ಹೇಳುತ್ತದೆ. ನಂಬಬಹುದೇ?"

ನಿಮ್ಮ ಸಲಹೆಯಂತೆ ಖರ್ಚುಗಳನ್ನು ಬರೆದು ಕೊಡುವಂತೆ ಕಂಪನಿಯನ್ನು ಕೇಳಿದೆ. ಮಳಿಗೆಯ ಠೇವಣಿ 1.5 ಲಕ್ಷ ಆ 6 ಲಕ್ಷದ ಹೊರಗಿತ್ತು. 2 ಲಕ್ಷದ ಫ್ರಾಂಚೈಸಿ ಶುಲ್ಕದ ಮೇಲಿನ ಶೇ. 18 ಜಿಎಸ್‌ಟಿ, ಅಂದರೆ 36,000 ರೂಪಾಯಿಯೂ ಸೇರಿರಲಿಲ್ಲ. ಅಂದರೆ ಕೈಯಲ್ಲಿ 7.86 ಲಕ್ಷ ಇರಬೇಕು.

ನನ್ನ ಕಣ್ಣು ತೆರೆಸಿದ್ದು ಕಪ್ಪಿನ ಲೆಕ್ಕ. ಚಹಾ 15 ರೂಪಾಯಿ. ಹಾಲು, ಸಕ್ಕರೆ, ಪುಡಿ, ಗ್ಯಾಸ್, ಕಾಗದದ ಕಪ್ಪು ಸೇರಿ 7 ರೂಪಾಯಿ ಹೋಗುತ್ತದೆ, ಶೇ. 5 ರಾಯಲ್ಟಿ 75 ಪೈಸೆ. ಉಳಿಯುವುದು 7.25. ಬಾಡಿಗೆ, ಇಬ್ಬರ ಸಂಬಳ, ವಿದ್ಯುತ್ ಸೇರಿ ತಿಂಗಳಿಗೆ 61,000. ಹಾಗಾಗಿ ದಿನಕ್ಕೆ 280 ಕಪ್ ಮಾರಿದರೂ ನನಗೆ ಒಂದು ರೂಪಾಯಿ ಉಳಿಯುವುದಿಲ್ಲ. 400 ಕಪ್ ಮಾರಿದರೆ ಸುಮಾರು 26,000 ಉಳಿಯುತ್ತದೆ. ಠೇವಣಿ ಬಿಟ್ಟು ಉಳಿದ ಹಣ ಮರಳಲು ಎರಡು ವರ್ಷ ಬೇಕು, ಅದೂ ನನ್ನ ದುಡಿಮೆಗೆ ಸಂಬಳ ಹಿಡಿಯದೆ.

ಕಂಪನಿ ಹೇಳುವ "ಪೂರ್ಣ ಬೆಂಬಲ" ಎಂದರೆ ತರಬೇತಿ, ಫಲಕ ಮತ್ತು ಅವರಿಂದಲೇ ಕೊಳ್ಳಬೇಕಾದ ಚಹಾ ಪುಡಿ. ಕೆಲಸಗಾರ ಬಿಟ್ಟುಹೋದರೆ ಹುಡುಕಬೇಕಾದವರು ನಾವೇ. ಪುಡಿಯ ದರ ಏರಿಕೆಗೆ ಮಿತಿ ಹಾಕುವ ಷರತ್ತನ್ನು ಒಪ್ಪಂದದಲ್ಲಿ ಸೇರಿಸಲು ಕೇಳಿದ್ದೇನೆ. ಅದಿಲ್ಲದೆ ಸಹಿ ಹಾಕುವುದಿಲ್ಲ. ಬಸ್ ನಿಲ್ದಾಣದ ಬಳಿಯ ಅವರದೇ ಅಂಗಡಿಯಲ್ಲಿ ಮಳೆಗಾಲದ ಮಾರಾಟವನ್ನಷ್ಟೇ ಅಲ್ಲ, ಮೇ ತಿಂಗಳ ಬಿಲ್ ಪುಸ್ತಕವನ್ನೂ ತೋರಿಸಲು ಹೇಳಿದ್ದೇನೆ. ಬೇಸಿಗೆಯ ಮಧ್ಯಾಹ್ನ ಚಹಾ ಇಳಿಯುತ್ತದೆ, ಬಾಡಿಗೆ ಇಳಿಯುವುದಿಲ್ಲ.