ಗ್ಯಾಸ್ಕೆಟ್ ಬದಲಿಸಿದ ಮೇಲೆ E3 ಹೋಗಿ Lid ಬಂತು: ಸೆನ್ಸರ್ ಕೆಟ್ಟಿದೆಯೇ?

ಕಾಳಿತೀರ (ಕಾರವಾರ)
ನಮಸ್ಕಾರ. ನಮ್ಮದು 6 ಲೀಟರಿನ, 1000 ವ್ಯಾಟಿನ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್. ಈ ಮಳೆಗಾಲದಲ್ಲಿ ಕುಚ್ಚಲಕ್ಕಿ ಇಟ್ಟಾಗಲೆಲ್ಲ ಒಂದೇ ಗೋಳು. ಮುಚ್ಚಳದ ಒಂದು ಬದಿಯಿಂದ ಹಬೆ ಸೋರುತ್ತಿರುತ್ತದೆ, ಪಿನ್ನು ಮೇಲೇಳುವುದಿಲ್ಲ, ಕೊನೆಗೆ E3 ತೋರಿಸಿ ನಿಂತುಬಿಡುತ್ತದೆ. ತೆರೆದು ನೋಡಿದರೆ ತಳ ಹತ್ತಿರುತ್ತದೆ, ಮೇಲಿನ ಅಕ್ಕಿ ಕಾಳುಕಾಳಾಗಿಯೇ ಇರುತ್ತದೆ.

ಪೇಟೆಯ ರಿಪೇರಿಯವರು ಮುಚ್ಚಳವನ್ನು ತಿರುಗಿಸಿಯೂ ನೋಡದೆ, ಸೆನ್ಸರ್ ಹೋಗಿದೆ, ಬೋರ್ಡನ್ನೂ ಬದಲಿಸಬೇಕು ಎಂದರು. ಅದಕ್ಕೆ ಮೊದಲು ಅಗ್ಗದ್ದನ್ನು ನೋಡೋಣ ಎಂದು "5-6 ಲೀಟರ್" ಎಂದು ಬರೆದಿದ್ದ ಗ್ಯಾಸ್ಕೆಟ್ ತರಿಸಿ ಹಾಕಿದೆ. ಈಗ E3 ಇಲ್ಲ. ಆದರೆ ಕೆಲಸವನ್ನೇ ಶುರು ಮಾಡುವುದಿಲ್ಲ. ಮುಚ್ಚಳ ಹಾಕಿ ಗುಂಡಿ ಒತ್ತಿದರೆ Lid ಎಂದು ಮಿನುಗುತ್ತಾ ಬೀಪ್ ಮಾಡುತ್ತದೆ. ಇದು ಎರಡನೆಯ ಸೆನ್ಸರ್ ಹೋದದ್ದೇ? ಕೆಲವು ದಿನ ಬೆಳಿಗ್ಗೆ ಪ್ಲಗ್ ಹಾಕಿದ ಕೂಡಲೇ E1 ಸಹ ಬರುತ್ತದೆ, ಮಧ್ಯಾಹ್ನಕ್ಕೆ ತಾನಾಗಿ ಹೋಗಿರುತ್ತದೆ.

ಘಟ್ಟದ ಮೇಲೆ (ಶಿರಸಿ)
E3 ಎಂದರೆ ತಳ ಕಾದದ್ದು ಹೆಚ್ಚಾಯಿತು ಎಂದು. ಒಳಪಾತ್ರೆ ತೆಗೆದು, ಬಿಸಿತಟ್ಟೆಯ ನಡುವಿನ ಸ್ಪ್ರಿಂಗಿನ ಬಿಲ್ಲೆಯನ್ನು ನೋಡಿ. ಅದರ ಮೇಲೆ ಗಂಜಿ ಚೆಲ್ಲಿ ಒಣಗಿ ಕೂತಿದ್ದರೆ ಸೆನ್ಸರಿಗೆ ಪಾತ್ರೆಯ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ. ನಮ್ಮ ಮನೆಯಲ್ಲಿ ಅಷ್ಟರಿಂದಲೇ ಸರಿಹೋಯಿತು.

Lid ವಿಷಯಕ್ಕೆ ತಲೆಬಿಸಿ ಬೇಡ. ಮುಚ್ಚಳದಲ್ಲಿ ಅಯಸ್ಕಾಂತ ಇರುತ್ತದೆ, ಕುಕ್ಕರಿನ ಮೈಯಲ್ಲಿ ಅದನ್ನು ಗುರುತಿಸುವ ಸ್ವಿಚ್ ಇರುತ್ತದೆ. ಹೊರಗಿನಿಂದ ಆ ಜಾಗದಲ್ಲಿ ಒಂದು ಅಯಸ್ಕಾಂತ ಅಂಟಿಸಿದರೆ ಮುಚ್ಚಳ ಹಾಕಿದೆ ಎಂದೇ ತಿಳಿದುಕೊಂಡು ನಡೆಯುತ್ತದೆ.

ಬೆಸುಗೆಕೋಲು (ಕುಮಟಾ)
ಅಯಸ್ಕಾಂತ ಅಂಟಿಸುವ ಮಾತನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಈ ಕುಕ್ಕರುಗಳು ಸಾಮಾನ್ಯವಾಗಿ 70 ಕಿಲೋಪಾಸ್ಕಲ್ ಒತ್ತಡದವರೆಗೆ ಏರುತ್ತವೆ. 22 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಅದು ಸುಮಾರು 270 ಕಿಲೋ ಭಾರದಷ್ಟು ನೂಕು. ಹಲ್ಲುಗಳು ಪೂರ್ತಿ ಕಚ್ಚಿಕೊಳ್ಳದ ಮುಚ್ಚಳದ ಕೆಳಗೆ ಅದನ್ನು ಏರಿಸುವುದು ಅಡುಗೆ ಅಲ್ಲ, ಗರ್ನಾಲು. ಆ ಸ್ವಿಚ್ ಇರುವುದೇ ಇದನ್ನು ತಡೆಯುವುದಕ್ಕೆ.

ಬಿಲ್ಲೆ ಒರೆಸುವ ಮಾತು ಸರಿ, ಮಾಡಿ. ಆದರೆ ಒಂದು ಬದಿಯಿಂದ ಹಬೆ ಸೋರುವುದನ್ನು ಬಿಲ್ಲೆಯ ಕೊಳೆ ವಿವರಿಸುವುದಿಲ್ಲ.

ಅಕ್ಕ, ಎರಡು ಪ್ರಶ್ನೆ. ಕೈಪಿಡಿಯ ಕೊನೆಯ ಪುಟದಲ್ಲಿ ಈ ಸಂಕೇತಗಳಿಗೆ ಏನು ಅರ್ಥ ಬರೆದಿದ್ದಾರೆ? ಕಂಪನಿಯಿಂದ ಕಂಪನಿಗೆ ಇದು ಬೇರೆ. E3 ಬರುತ್ತಿದ್ದುದು ಪ್ಲಗ್ ಹಾಕಿದ ಕೂಡಲೇ ಆಗಿತ್ತೋ, ಅಕ್ಕಿ ಬೇಯತೊಡಗಿದ ಮೇಲೋ?

ಹಟ್ಟಿಕೇರಿ ಹುಡುಗ (ಅಂಕೋಲಾ)
ನಮ್ಮ ಇಂಡಕ್ಷನ್ ಒಲೆಯಲ್ಲಿಯೂ E3 ಬರುತ್ತಿತ್ತು. ಅದು ವೋಲ್ಟೇಜಿನ ಸಮಸ್ಯೆ. ಸ್ಟೆಬಿಲೈಜರ್ ಹಾಕಿ, ಎಲ್ಲ ಸರಿಯಾಗುತ್ತದೆ.

ಕಾಳಿತೀರ
ಕೈಪಿಡಿ ಸಿಕ್ಕಿತು. E1 ಸೆನ್ಸರಿನ ಸಂಪರ್ಕ ಕಡಿದಿದೆ, E2 ಸೆನ್ಸರ್ ಶಾರ್ಟ್ ಆಗಿದೆ, E3 ಅತಿಯಾಗಿ ಬಿಸಿಯಾಗಿದೆ, E4 ಪ್ರೆಶರ್ ಸ್ವಿಚ್ ದೋಷ. E3 ಬರುತ್ತಿದ್ದುದು ಯಾವಾಗಲೂ ಅರ್ಧ ಬೇಯುವ ಹೊತ್ತಿಗೆ. ಪ್ಲಗ್ ಹಾಕಿದ ಕೂಡಲೇ ಎಂದೂ ಬಂದಿಲ್ಲ.

ಬೆಸುಗೆಕೋಲು
ಹಾಗಾದರೆ E3 ವಿಷಯದಲ್ಲಿ ಸೆನ್ಸರನ್ನು ದೂರುವುದಕ್ಕೆ ಮೊದಲು ಅದು ನಿಜ ಹೇಳುತ್ತಿದೆಯೇ ಎಂದು ನೋಡಬೇಕು. ಅದಕ್ಕೆ ಮೀಟರೂ ಬೇಡ, ನೀರು ಸಾಕು.

ಹಳೆಯ ಗ್ಯಾಸ್ಕೆಟನ್ನೇ ಮತ್ತೆ ಹಾಕಿ. ಒಳಪಾತ್ರೆಗೆ 750 ಮಿಲಿಲೀಟರ್ ನೀರು ಮಾತ್ರ ಹಾಕಿ, ಅಡುಗೆಮನೆಯ ತಕ್ಕಡಿಯಲ್ಲಿ ಪಾತ್ರೆಸಮೇತ ತೂಗಿ ಬರೆದಿಡಿ. ಪ್ರೆಶರಿನಲ್ಲಿ ಇಟ್ಟು ಹತ್ತಿರವೇ ನಿಲ್ಲಿ. 1000 ವ್ಯಾಟಿಗೆ ಇಷ್ಟು ನೀರು ಕುದಿಯಲು ನಾಲ್ಕು ನಿಮಿಷ ಬೇಕು, ಪಾತ್ರೆ ಮತ್ತು ತಟ್ಟೆ ಕಾಯುವುದು ಸೇರಿ ಆರು ಎಂದುಕೊಳ್ಳಿ. ಅದಾಗಿ ಎರಡು ಮೂರು ನಿಮಿಷದೊಳಗೆ ಪಿನ್ನು ಏರಬೇಕು. ಏರದಿದ್ದರೆ ಹದಿನೈದನೆಯ ನಿಮಿಷಕ್ಕೆ ಆರಿಸಿ, ತಣ್ಣಗಾದ ಮೇಲೆ ಮತ್ತೆ ತೂಗಿ.

ಇದರ ಗುಟ್ಟು ಇಷ್ಟೇ. ನೀರು ಇರುವವರೆಗೆ ಪಾತ್ರೆಯ ತಳ ಕುದಿಯುವ ಬಿಸಿಗಿಂತ ಬಹಳ ಮೇಲೆ ಹೋಗುವುದಿಲ್ಲ. ಆಗಲೂ E3 ಬಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಬಾರದೆ, ತೂಕ ಮಾತ್ರ ಬಹಳ ಕಡಿಮೆಯಾಗಿದ್ದರೆ ಸೆನ್ಸರ್ ಸತ್ಯವಂತ, ಸೋರುತ್ತಿರುವುದು ಮುಚ್ಚಳ. ಅಕ್ಕಿ ಇದ್ದಾಗ ಹಬೆಯಾಗಿ ಹೋದ ನೀರು ಹೋಯಿತು, ಉಳಿದದ್ದನ್ನು ಅಕ್ಕಿ ಕುಡಿಯಿತು, ತಳ ಒಣಗಿತು, ಅದು E3 ಎಂದು ಕೂಗಿತು.

ಹಬೆ ಹೊರಡುವ ಜಾಗವನ್ನೂ ಗುರುತು ಮಾಡಿಕೊಳ್ಳಿ. ಎರಡನೆಯ ಸಲ ಗ್ಯಾಸ್ಕೆಟನ್ನು ಅದರ ಕಂಬಿಯಲ್ಲಿಯೇ ಅರ್ಧ ಸುತ್ತು ತಿರುಗಿಸಿ ಮತ್ತೆ ಇಡಿ. ಸೋರಿಕೆಯೂ ಎದುರು ಬದಿಗೆ ಹೋದರೆ ತಪ್ಪು ಗ್ಯಾಸ್ಕೆಟಿನದು. ಇದ್ದಲ್ಲೇ ಇದ್ದರೆ ಮುಚ್ಚಳದ ಅಂಚು ಅಥವಾ ಕಂಬಿ ಬಾಗಿದೆ ಎಂದು ಅರ್ಥ. ಸೋರುವ ಕಡೆ ಕೈ ಹಿಡಿದು ನೋಡಬೇಡಿ. ಹಬೆ ಕಣ್ಣಿಗೆ ಕಾಣಿಸಿದರೆ ಸಾಕು.

ಅಂಕೋಲೆಯವರೇ, ಇಂಡಕ್ಷನ್ನಿನ E3 ಬೇರೆ, ಇದು ಬೇರೆ. ವೋಲ್ಟೇಜ್ 180ಕ್ಕೆ ಇಳಿದರೆ ಈ ಕುಕ್ಕರಿನ ಶಕ್ತಿ ಸುಮಾರು 600 ವ್ಯಾಟಿಗೆ ಬರುತ್ತದೆ. ಆಗ ತಡವಾಗುತ್ತದೆಯೇ ಹೊರತು ತಳ ಹತ್ತುವುದಿಲ್ಲ. ಅಕ್ಕ ಪರೀಕ್ಷೆ ಮಾಡುವ ಹೊತ್ತಿಗೆ ಕರೆಂಟು ಮಂಕಾಗಿದ್ದರೆ ನನ್ನ ನಿಮಿಷಗಳ ಲೆಕ್ಕ ತಪ್ಪುತ್ತದೆ, ಅಷ್ಟು ಮಾತ್ರ ನೆನಪಿರಲಿ.

ಕಾಳಿತೀರ
ಮಾಡಿದೆ. ಪಿನ್ನು ಎರಡು ಮೂರು ಸಲ ಕುಣಿದು ಮತ್ತೆ ಕುಸಿಯಿತು, ಏರಲಿಲ್ಲ. ಹದಿನೈದು ನಿಮಿಷಕ್ಕೆ ಆರಿಸಿದೆ. E3 ಬರಲೇ ಇಲ್ಲ. ತೂಕದಲ್ಲಿ 210 ಗ್ರಾಂ ಕಡಿಮೆ. ಮೊದಲು ಎಡ ಹಿಡಿಕೆಯ ಪಕ್ಕದಿಂದ ಹಬೆ ಬರುತ್ತಿತ್ತು, ಗ್ಯಾಸ್ಕೆಟ್ ತಿರುಗಿಸಿದ ಮೇಲೆ ಬಲ ಹಿಡಿಕೆಯ ಪಕ್ಕಕ್ಕೆ ಬಂತು! ಈಗ ಆ ಭಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ಒಳತುಟಿಯಲ್ಲಿ ಬೆರಳುದ್ದ ಜಾಗ ಚಪ್ಪಟೆಯಾಗಿ ಹೊಳೆಯುತ್ತಿದೆ. ಉಳಿದ ಕಡೆ ಮೆತ್ತಗೆ ಇದೆ, ಅಲ್ಲಿ ಮಾತ್ರ ಉಗುರು ಒತ್ತಿದರೆ ತಗ್ಗುವುದಿಲ್ಲ.

ಬೆಸುಗೆಕೋಲು
ಲೆಕ್ಕವೂ ಹೊಂದುತ್ತದೆ. 1000 ವ್ಯಾಟ್ ನಿಮಿಷಕ್ಕೆ ಸುಮಾರು 26 ಮಿಲಿಲೀಟರ್ ನೀರನ್ನು ಹಬೆ ಮಾಡಬಲ್ಲದು. ಎಂಟು ನಿಮಿಷ ಬಾಯಿ ತೆರೆದು ಕುದಿದಂತೆ ಆಗಿದೆ. ಸರಿಯಾಗಿ ಮುಚ್ಚಿಕೊಂಡಿದ್ದರೆ ಇದರ ಕಾಲುಭಾಗವೂ ಹೋಗುತ್ತಿರಲಿಲ್ಲ. ನಿಮ್ಮ ತಳದ ಸೆನ್ಸರಿಗೆ ಏನೂ ಆಗಿಲ್ಲ, E3 ವಿಷಯದಲ್ಲಂತೂ ಖಂಡಿತ.

ಈಗ Lid. ನನ್ನ ಸಂಶಯ ಹೊಸ ಗ್ಯಾಸ್ಕೆಟಿನ ಮೇಲೆ. ಅಗಲ ಸರಿಯಿದ್ದರೂ ದಪ್ಪ ಹೆಚ್ಚಿರಬಹುದು. ದಪ್ಪ ಹೆಚ್ಚಾದರೆ ಮುಚ್ಚಳ ಕೊನೆಯವರೆಗೆ ತಿರುಗುವುದಿಲ್ಲ, ಅಯಸ್ಕಾಂತ ಸ್ವಿಚ್ಚಿನ ಎದುರಿಗೆ ಬರುವುದಿಲ್ಲ. ಗ್ಯಾಸ್ಕೆಟನ್ನು ಪೂರ್ತಿ ತೆಗೆದು, ಬರಿಯ ಮುಚ್ಚಳ ಹಾಕಿ ಗುಂಡಿ ಒತ್ತಿ. Lid ಬರುತ್ತದೆಯೋ ಇಲ್ಲವೋ ನೋಡಿ ಕೂಡಲೇ ರದ್ದು ಮಾಡಿ, ಬೇಯಿಸಬೇಡಿ. ಆಮೇಲೆ ಹೊಸದನ್ನು ಹಾಕಿ ಮುಚ್ಚಳದ ಬಾಣದ ಗುರುತು ಎಲ್ಲಿ ನಿಲ್ಲುತ್ತದೆ ಎಂದು ನೋಡಿ.

ಘಟ್ಟದ ಮೇಲೆ
ಅಣ್ಣ, ಅಯಸ್ಕಾಂತದ ಮಾತು ಹಿಂದೆ ತೆಗೆದುಕೊಂಡೆ. ಆದರೆ ಹೊಸ ಗ್ಯಾಸ್ಕೆಟ್ ಬಿಗಿಯಾದರೆ ತೆಂಗಿನ ಎಣ್ಣೆ ಸವರಿದರೆ ಆಗುವುದಿಲ್ಲವೇ? ಹಲಸಿನ ಕಾಯಿ ಕೊಯ್ಯುವ ಕತ್ತಿಗೂ ನಾವು ಅದನ್ನೇ ಸವರುವುದು.

ಬೆಸುಗೆಕೋಲು
ಜಾರುವುದಕ್ಕೆ ನೀರು ಸವರಿದರೂ ಸಾಕು. ದಪ್ಪವಾದದ್ದನ್ನು ಎಣ್ಣೆ ತೆಳ್ಳಗೆ ಮಾಡುವುದಿಲ್ಲವಲ್ಲ.

ಕಾಳಿತೀರ
ಗ್ಯಾಸ್ಕೆಟ್ ಇಲ್ಲದೆ ಹಾಕಿದಾಗ Lid ಬರಲಿಲ್ಲ. ಹೊಸದನ್ನು ಹಾಕಿದರೆ ಬಾಣ ಗುರುತಿಗಿಂತ ಒಂದು ಸೆಂಟಿಮೀಟರ್ ಹಿಂದೆಯೇ ನಿಲ್ಲುತ್ತದೆ. ಎಷ್ಟು ತಿರುಗಿಸಿದರೂ ಮುಂದೆ ಹೋಗುವುದಿಲ್ಲ. ನೀರು ಸವರಿಯೂ ನೋಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೊಸದರ ತುಟಿ ಸ್ಪಷ್ಟವಾಗಿ ದಪ್ಪ. ಅಂದರೆ E3 ಹೋದದ್ದು ಸರಿಯಾದದ್ದರಿಂದ ಅಲ್ಲ, ಬೇಯಿಸುವುದೇ ಶುರುವಾಗದ್ದರಿಂದ.

ಬೆಸುಗೆಕೋಲು
ಅದೇ. ನಿಮ್ಮ ಅಯಸ್ಕಾಂತವೂ ಸರಿ, ಸ್ವಿಚ್ಚೂ ಸರಿ. ಕುಕ್ಕರಿನ ತಳದ ಚೀಟಿಯಲ್ಲಿರುವ ಮಾದರಿಯ ಸಂಖ್ಯೆ ಹೇಳಿ ಅದೇ ಕಂಪನಿಯ ಗ್ಯಾಸ್ಕೆಟ್ ತರಿಸಿ. ಲೀಟರಿನ ಲೆಕ್ಕ ನೋಡಿ ಕೊಳ್ಳುವುದರಿಂದಲೇ ಈ ತೊಂದರೆ. ಬಂದ ಮೇಲೆ ಕಂಬಿಯ ಹಿಂದೆ ಸುತ್ತಲೂ ಒಂದೇ ಸಮ ಕೂರಿಸಿ. ಸರಿಯಾಗಿ ಕೂತದ್ದನ್ನು ಬೆರಳಿನಿಂದ ಸ್ವಲ್ಪ ಬಲ ಹಾಕಿ ತಿರುಗಿಸಬಹುದು, ಮುಚ್ಚಳ ಕೊಡವಿದರೆ ಬೀಳುವುದಿಲ್ಲ. ಪಿನ್ನಿನ ಕೆಳಗಿರುವ ಪುಟ್ಟ ರಬ್ಬರ್ ಟೊಪ್ಪಿಯನ್ನೂ ತೆಗೆದು ನೋಡಿ, ಹರಿದಿದ್ದರೆ ಅಲ್ಲಿಂದಲೂ ಸೋರುತ್ತದೆ.

ಕಾಳಿತೀರ
ಗ್ಯಾಸ್ಕೆಟ್ ಬಂತು. ಬಾಣ ಗುರುತಿಗೆ ಸರಿಯಾಗಿ ನಿಂತಿತು. ಅದೇ 750 ಮಿಲಿಲೀಟರ್ ನೀರಿಗೆ ಎಂಟನೆಯ ನಿಮಿಷಕ್ಕೆ ಪಿನ್ನು ಏರಿತು. ಪೂರ್ತಿ ಮುಗಿದು ತಣ್ಣಗಾದ ಮೇಲೆ ತೂಗಿದರೆ 35 ಗ್ರಾಂ ಕಡಿಮೆ. ಕುಚ್ಚಲಕ್ಕಿಯೂ ಬೆಂದಿತು. ಆದರೆ ಬೆಳಗಿನ E1 ಹಾಗೆಯೇ ಇದೆ, ಇವತ್ತೂ ಬಂತು.

ಬೆಸುಗೆಕೋಲು
ಅದಕ್ಕೂ ಗ್ಯಾಸ್ಕೆಟಿಗೂ ಸಂಬಂಧವಿಲ್ಲ. ಪ್ಲಗ್ ಹಾಕಿದ ಕೂಡಲೇ ಬರುವ E1 ಎಂದರೆ ಸೆನ್ಸರಿನಿಂದ ಬೋರ್ಡಿಗೆ ಹೋಗುವ ದಾರಿ ಎಲ್ಲೋ ಕಡಿದಿದೆ ಎಂದು. ಸಮುದ್ರದ ಪಕ್ಕದ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ತಳದ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದದ್ದು. ಪ್ಲಗ್ ಕಳಚಿ, ಕನೆಕ್ಟರ್ ಬಿಡಿಸಿ, ಸೆನ್ಸರಿನ ಎರಡು ತಂತಿಗಳ ನಡುವೆ ಅಳೆಯಬೇಕು. ಬಹಳ ಕಡೆ ಕೋಣೆಯ ಬಿಸಿಯಲ್ಲಿ 100 ಕಿಲೋಓಮ್ ಆಸುಪಾಸು ಬರುತ್ತದೆ, ಕೆಲವದರಲ್ಲಿ 50. ಬಿಲ್ಲೆಯ ಮೇಲೆ ಬಿಸಿನೀರಿನ ಲೋಟ ಇಟ್ಟರೆ ಅಂಕಿ ನಿಧಾನವಾಗಿ ಇಳಿಯಬೇಕು. ಹಾಗೆ ಇಳಿದರೆ ಸೆನ್ಸರ್ ಸರಿ, ತಪ್ಪು ಕನೆಕ್ಟರಿನದು. ವಾರಂಟಿ ಇದೆಯೇ?

ಕಾಳಿತೀರ
ಇನ್ನೂ ಇದೆ. ತಳ ಬಿಚ್ಚಿದರೆ ಹೋಗುತ್ತದೆ ಎಂದು ಬರೆದಿದ್ದಾರೆ. ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿ, ಈ ಮಳೆಯಲ್ಲಿ ಅರಬೈಲ್ ಘಟ್ಟ ಹತ್ತುವುದು ಬೇಡ ಎನ್ನಿಸುತ್ತದೆ.

ಹಟ್ಟಿಕೇರಿ ಹುಡುಗ
ನಮ್ಮ ಮಿಕ್ಸರಿನ ಗುಂಡಿಯೂ ಬೆಳಿಗ್ಗೆ ಕೆಲಸ ಮಾಡುವುದಿಲ್ಲ. ಅದೂ ಕಿಲುಬೇ ಇರಬಹುದೇ?

ಬೆಸುಗೆಕೋಲು
ಇರಬಹುದು, ಬೇರೆ ಚರ್ಚೆ ತೆರೆಯಿರಿ, ನೋಡೋಣ. ಅಕ್ಕ, ವಾರಂಟಿ ಇರುವಾಗ ನೀವು ಬಿಚ್ಚಬೇಡಿ. E1 ಬಂದಾಗ ಪರದೆಯ ಫೋಟೋ ಮತ್ತು ಹೊತ್ತು ಬರೆದಿಟ್ಟು ಕಂಪನಿಗೆ ಈಗಲೇ ದೂರು ದಾಖಲಿಸಿ, ಮಧ್ಯಾಹ್ನ ಬರುವ ಮೆಕ್ಯಾನಿಕ್‌ಗೆ ಏನೂ ಕಾಣಿಸದಿದ್ದರೆ ಅದೇ ಸಾಕ್ಷಿ. ಬಂದವರು ಬೋರ್ಡ್ ಬದಲಿಸುವುದಕ್ಕೆ ಹೊರಟರೆ, ಮೊದಲು ಕನೆಕ್ಟರ್ ಬಿಡಿಸಿ ಸೆನ್ಸರ್ ಅಳೆಯಲು ಹೇಳಿ. ಎಷ್ಟು ಓಮ್ ಬಂತು ಎಂದು ಇಲ್ಲಿ ಬರೆಯಿರಿ.