ಪದಚರ್ಚೆ: ಎರಡು ಕನ್ಸೋಲ್, ಒಂದು ಆಟ, ‘ಸೇವ್ ಕಾನ್‌ಫ್ಲಿಕ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಸುಮಾ, ಮೈಸೂರು

ಎಲ್ಲರಿಗೂ ನಮಸ್ಕಾರ.

ಮಕ್ಕಳ ಮಾಸಪತ್ರಿಕೆಯೊಂದಕ್ಕೆ ವಿಡಿಯೋ ಗೇಮ್ ಪ್ರಶ್ನೋತ್ತರ ಬರೆಯುತ್ತಿದ್ದೇನೆ. ಈ ಸಲ ಒಬ್ಬ ಹುಡುಗನ ಪತ್ರ ಬಂದಿದೆ. ಅವನ ಮನೆಯಲ್ಲಿ ಟಿವಿಗೆ ಜೋಡಿಸಿದ ನಿಂಟೆಂಡೊ ಸ್ವಿಚ್ ಒಂದಿದೆ, ಕೈಯಲ್ಲೇ ಹಿಡಿದು ಆಡುವ ಸ್ವಿಚ್ ಲೈಟ್ ಇನ್ನೊಂದಿದೆ. ಎರಡರಲ್ಲೂ ಅವನದೇ ಅಕೌಂಟ್. ರಜೆಯಲ್ಲಿ ಲೈಟನ್ನೂ ‘ಬ್ರೆತ್ ಆಫ್ ದಿ ವೈಲ್ಡ್’ ಕಾರ್ಡನ್ನೂ ತೆಗೆದುಕೊಂಡು ಅಜ್ಜಿ ಊರಿಗೆ ಹೋದ. ಅಲ್ಲಿ ವೈಫೈ ಇಲ್ಲ. ಆರಾಮಾಗಿ ಆಡಿದ, ಆಟದಲ್ಲಿ ಜೀವ ಎಷ್ಟಿದೆ ಅಂತ ತೋರಿಸುವ ಹೃದಯಗಳು ಆರರಿಂದ ಒಂಬತ್ತಾದವು. ವಾಪಸ್ ಬಂದಾಗ ಲೈಟ್‌ನಲ್ಲಿ ಚಾರ್ಜ್ ಇರಲಿಲ್ಲ. ಕಾರ್ಡ್ ತೆಗೆದು ದೊಡ್ಡ ಸ್ವಿಚ್‌ಗೆ ಹಾಕಿದ. ಅಲ್ಲಿ ರಜೆಗೆ ಮುಂಚಿನ ಆಟವೇ ಇತ್ತು. ಸ್ವಲ್ಪ ಹೊತ್ತು ಓಡಾಡಿ ಬಿಟ್ಟ. ಮಾರನೇ ದಿನ ಲೈಟ್ ಆನ್ ಮಾಡಿದರೆ, ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ನಿಂಟೆಂಡೊ ಹತ್ತಿರ ಇರುವ ಸೇವ್‌ಗೂ ಇದರಲ್ಲಿರುವುದಕ್ಕೂ ತಾಳೆಯಾಗುತ್ತಿಲ್ಲ ಅನ್ನುತ್ತಿದೆ. ‘ಯಾವುದನ್ನು ಇಟ್ಕೊಳ್ಳಲಿ ಆಂಟಿ’ ಅಂತ ಕೇಳಿದ್ದಾನೆ.

ಉತ್ತರ ಬರೆಯಲು ಕೂತರೆ ಪದಗಳೇ ಕೈಕೊಡುತ್ತಿವೆ. ಕಾನ್‌ಫ್ಲಿಕ್ಟ್‌ಗೆ ನಿಘಂಟು ನೋಡಿದರೆ ‘ಸಂಘರ್ಷ’. ಹತ್ತು ವರ್ಷದ ಮಗುವಿಗೆ ‘ನಿನ್ನ ಸೇವ್‌ಗಳ ನಡುವೆ ಸಂಘರ್ಷ ಉಂಟಾಗಿದೆ’ ಅಂದರೆ, ಕಾರ್ಖಾನೆ ಗೇಟಿನ ಮುಂದೆ ನಿಂತ ಹಾಗಿರುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಸೇವ್‌ಗೆ ‘ಉಳಿಸು’ ಅನ್ನುತ್ತೇವೆ, ಡೌನ್‌ಲೋಡ್‌ಗೆ ‘ಇಳಿಸು’, ಡಿಲೀಟ್‌ಗೆ ‘ಅಳಿಸು’. ಮೊದಲಕ್ಷರ ಬಿಟ್ಟರೆ ಮೂರೂ ಒಂದೇ. ಬೇರೆ ಕಡೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ‘ಲೈಟ್‌ನಲ್ಲಿರುವುದನ್ನು ಉಳಿಸು’ ಅಂತ ಬರೆದದ್ದನ್ನು ಅವನು ‘ಇಳಿಸು’ ಅಂತ ಓದಿಕೊಂಡರೆ ರಜೆಯ ಆಟವೆಲ್ಲ ಹೋಯಿತು. ನೀವೆಲ್ಲ ಏನಂತೀರಿ?

ರಾಮಚಂದ್ರ ಭಟ್, ಶಿರಸಿ

ಸುಮಾ ಅವರೇ, ನನಗೆ ಈ ಆಟಗಳ ಗಂಧಗಾಳಿ ಇಲ್ಲ. ಮೊಮ್ಮಗ ಆಡುವುದನ್ನು ನೋಡಿದ್ದೇನೆ, ಅಷ್ಟೇ. ಆದರೆ ಬ್ಯಾಂಕಿನಲ್ಲಿದ್ದವನು, ನೀವು ಹೇಳುವುದು ಅರ್ಥವಾಯಿತು. ಒಂದೇ ಖಾತೆಯನ್ನು ಎರಡು ಶಾಖೆಯ ಪುಸ್ತಕದಲ್ಲಿ ಬೇರೆ ಬೇರೆ ಬರೆದ ಹಾಗಾಗಿದೆ. ಅದಕ್ಕೆ ‘ವ್ಯತ್ಯಾಸ’ ಅಂದರೆ ಸಾಕಲ್ಲ? ‘ಲೆಕ್ಕದಲ್ಲಿ ವ್ಯತ್ಯಾಸ ಬಂದಿದೆ’ ಅಂದರೆ ಎಂಥವರಿಗೂ ತಿಳಿಯುತ್ತದೆ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಬಿಟ್ಟುಹೋದ ನಮೂದುಗಳನ್ನು ಸೇರಿಸಿದರೆ ಮುಗಿಯಿತು. ಒಂದನ್ನು ಎಸೆಯುವ ಮಾತು ಯಾಕೆ ಬಂತು ಅಂತಲೇ ತಿಳಿಯಲಿಲ್ಲ.

ನವೀನ್, ಬೆಂಗಳೂರು

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ ಮೇಡಂ? ‘ಕಾನ್‌ಫ್ಲಿಕ್ಟ್’ ಅಂತಲೇ ಬರೆಯಿರಿ, ಆಡೋ ಹುಡುಗರಿಗೆ ಗೊತ್ತಿರುತ್ತೆ. ನಾನು ಸ್ಟೀಮ್ ಡೆಕ್‌ನಲ್ಲೂ ಪಿಸಿಯಲ್ಲೂ ಆಡುತ್ತೇನೆ. ಅಲ್ಲಿ ಒಂದು ಕ್ಲೌಡ್‌ನದು, ಒಂದು ಇಲ್ಲಿಯದು ಅಂತ ತಾರೀಖು ಸಮೇತ ತೋರಿಸುತ್ತದೆ. ನಾನು ಯಾವಾಗಲೂ ಹೊಸ ತಾರೀಖಿನದನ್ನೇ ಆರಿಸೋದು. ಇಲ್ಲಿಯವರೆಗೆ ಏನೂ ಆಗಿಲ್ಲ. ಆ ಹುಡುಗನಿಗೂ ‘ಯಾವುದು ಲೇಟೆಸ್ಟೋ ಅದನ್ನು ಇಟ್ಕೋ’ ಅಂದುಬಿಡಿ.

ಪ್ರಸನ್ನ, ಹೈದರಾಬಾದ್

ಗೇಮ್ ಸ್ಟುಡಿಯೋ ಒಂದರಲ್ಲಿ ಪ್ರೋಗ್ರಾಮರ್ ಆಗಿದ್ದೇನೆ. ಸೇವ್ ಮಾಡುವ ಭಾಗವೇ ನನ್ನ ಪಾಲಿಗೆ ಬಂದಿರುವುದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನವೀನ್ ಹೇಳಿದ ‘ಲೇಟೆಸ್ಟ್’ ಸಾಮಾನ್ಯ ದಿನಗಳಿಗೆ ಸರಿ. ಆದರೆ ಈ ಹುಡುಗನ ಕತೆಯನ್ನು ಇನ್ನೊಮ್ಮೆ ಓದಿ. ದೊಡ್ಡ ಸ್ವಿಚ್‌ನಲ್ಲಿ ಅವನು ಓಡಾಡಿದ್ದು ಊರಿಂದ ಬಂದ ಮೇಲೆ. ಆ ಆಟದಲ್ಲಿ ಸುಮ್ನೆ ನಾಲ್ಕು ಹೆಜ್ಜೆ ಓಡಾಡಿದರೂ ತಾನಾಗಿ ಸೇವ್ ಆಗುತ್ತದೆ. ಮನೆಯಲ್ಲಿ ವೈಫೈ ಇರುವುದರಿಂದ ಅದೇ ಕ್ಲೌಡ್‌ಗೂ ಹೋಗಿದೆ. ಹಾಗಾಗಿ ಹೊಸ ತಾರೀಖು ಇರುವುದು ಆರು ಹೃದಯದ ಆಟಕ್ಕೆ. ಒಂಬತ್ತು ಹೃದಯದ್ದು ಲೈಟ್‌ನಲ್ಲಿ ಹಳೇ ತಾರೀಖು ಹೊತ್ತು ಕೂತಿದೆ. ಕೊನೆಯ ಸಲ ಯಾವಾಗ ಬರೆಯಿತು ಅನ್ನುವುದನ್ನಷ್ಟೇ ತಾರೀಖು ಹೇಳುತ್ತದೆ. ಎಷ್ಟು ಮುಂದೆ ಹೋಗಿದ್ದಾನೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಭಟ್ ಸರ್, ‘ವ್ಯತ್ಯಾಸ’ ಒಳ್ಳೆಯ ಪದವೇ, ಆದರೆ ಅರ್ಧ ಮಾತ್ರ ಹೇಳುತ್ತದೆ. ಹುಡುಗ ಲೈಟ್‌ನಲ್ಲಿ ಮಾತ್ರ ಆಡಿದ್ದರೆ ಆಗಲೂ ಕ್ಲೌಡ್‌ನದಕ್ಕೂ ಅದಕ್ಕೂ ವ್ಯತ್ಯಾಸ ಇರುತ್ತಿತ್ತು. ಆದರೆ ಮೆಷಿನ್ ಏನೂ ಕೇಳದೆ ಮೇಲೆ ಕಳಿಸುತ್ತಿತ್ತು. ಇಲ್ಲಿ ಆಗಿರುವುದು ಬೇರೆ. ರಜೆಗೆ ಮುಂಚೆ ಎರಡೂ ಕಡೆ ಒಂದೇ ಆಟ ಇತ್ತು. ಆಮೇಲೆ ಅಲ್ಲೂ ಬದಲಾಯಿತು, ಇಲ್ಲೂ ಬದಲಾಯಿತು, ಒಂದಕ್ಕೆ ಇನ್ನೊಂದರ ಸುದ್ದಿಯೇ ಇಲ್ಲ. ಆಗ ಮಾತ್ರ ಮೆಷಿನ್ ತಾನೇ ಕಳಿಸುವುದನ್ನು ನಿಲ್ಲಿಸಿ, ತೀರ್ಮಾನವನ್ನು ನಮಗೆ ಬಿಡುತ್ತದೆ. ನನಗೆ ‘ಕವಲು’ ಸರಿ ಕಾಣುತ್ತದೆ. ‘ನಿನ್ನ ಆಟ ಎರಡು ಕವಲಾಗಿದೆ’ ಅಂದರೆ ಮಗುವಿಗೂ ಹೊಳೆಯುತ್ತದೆ.

ಇನ್ನು ಸೇರಿಸುವ ಮಾತು. ಲೆಕ್ಕದ ಪುಸ್ತಕದಲ್ಲಿ ಒಂದೊಂದು ನಮೂದು ಬೇರೆ ಬೇರೆ. ಸೇವ್ ಹಾಗಲ್ಲ. ಆಟ ನಿಂತ ಗಳಿಗೆಯಲ್ಲಿ ಯಾವ ಪೆಟ್ಟಿಗೆ ತೆರೆದಿದೆ, ಯಾವ ಗುಡಿ ಮುಗಿದಿದೆ, ಚೀಲದಲ್ಲಿ ಏನಿದೆ ಎಲ್ಲ ಒಂದೇ ಗಂಟಿನಲ್ಲಿ ಇರುತ್ತದೆ. ಇಲ್ಲಿಯ ಕತ್ತಿಯನ್ನೂ ಅಲ್ಲಿಯ ಹೃದಯವನ್ನೂ ಸೇರಿಸಿದರೆ, ಕತ್ತಿ ಸಿಕ್ಕಿದೆ ಆದರೆ ಅದು ಇದ್ದ ಪೆಟ್ಟಿಗೆ ಇನ್ನೂ ಮುಚ್ಚಿಯೇ ಇದೆ ಅನ್ನುವಂಥ ಆಟ ಹುಟ್ಟುತ್ತದೆ. ಸ್ವಿಚ್‌ಗೆ ಆ ಗಂಟಿನ ಒಳಗೆ ಏನಿದೆ ಅನ್ನುವುದೂ ತಿಳಿಯದು. ಅದಕ್ಕೇ ಒಂದನ್ನು ಪೂರ್ತಿ ಇಟ್ಟುಕೊಂಡು ಇನ್ನೊಂದನ್ನು ಪೂರ್ತಿ ಬಿಡಬೇಕು.

‘ಪೂರ್ತಿ’ ಅನ್ನುವುದನ್ನು ಸುಮಾ ಅವರು ಒತ್ತಿ ಬರೆಯಬೇಕು. ಆ ಆಟದಲ್ಲಿ ತಾನಾಗಿ ಆದ ಸೇವ್‌ಗಳು ಐದು, ನಾವೇ ಮಾಡಿದ್ದು ಒಂದು, ಹೀಗೆ ಪಟ್ಟಿ ಕಾಣುತ್ತದೆ. ಮಕ್ಕಳು ‘ಹಳೇದು ಪಟ್ಟಿಯಲ್ಲಿ ಕೆಳಗೆ ಇದ್ದೇ ಇರುತ್ತೆ’ ಅಂದುಕೊಳ್ಳುತ್ತಾರೆ. ಇರುವುದಿಲ್ಲ. ಪಟ್ಟಿಗೆ ಪಟ್ಟಿಯೇ ಬದಲಾಗುತ್ತದೆ.

ಅವನು ಮಾಡಬೇಕಾದದ್ದು ಇಷ್ಟು. ಲೈಟನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕಾರ್ಡ್ ಹಾಕಿ ಆಟ ತೆರೆಯಲಿ. ಸೇವ್ ಪಟ್ಟಿಯಲ್ಲಿ ಜಾಗದ ಹೆಸರು, ಚಿತ್ರ, ತಾರೀಖು ಇರುತ್ತವೆ. ಒಂದನ್ನು ತೆರೆದು ಹೃದಯ ಎಣಿಸಲಿ, ಮ್ಯಾಪ್ ನೋಡಲಿ. ದೊಡ್ಡ ಸ್ವಿಚ್‌ನಲ್ಲಿ ಪಟ್ಟಿ ನೋಡಿದರೆ ಸಾಕು, ಒಳಗೆ ಹೋಗುವುದು ಬೇಡ. ಹೋಗಿ ಇನ್ನೊಂದು ಸೇವ್ ಆದರೆ ಆ ಕಡೆಯೂ ಮತ್ತೆ ಬದಲಾಗುತ್ತದೆ. ಒಂಬತ್ತೇ ಬೇಕು ಅಂತಾದರೆ ಲೈಟ್‌ನಲ್ಲಿ ಆಟ ಪೂರ್ತಿ ಮುಚ್ಚಿ, ವೈಫೈ ಹಾಕಿ, ಆಟದ ಚಿತ್ರದ ಮೇಲೆ ನಿಂತು + ಬಟನ್ ಒತ್ತಲಿ. ಅಲ್ಲಿ Save Data Cloud ಅಂತ ಇರುತ್ತದೆ. ಅದರಲ್ಲಿ ಮೇಲೆ ಕಳಿಸುವುದನ್ನು ಆರಿಸಬೇಕು. ಅದು ಮುಗಿದ ಮೇಲೆ ದೊಡ್ಡ ಸ್ವಿಚ್‌ನಲ್ಲಿ ಅದೇ ಜಾಗಕ್ಕೆ ಹೋಗಿ ಕೆಳಗೆ ತರಿಸಿಕೊಳ್ಳಬೇಕು. ಲೈಟ್‌ನಲ್ಲೇ ತರಿಸಿಕೊಂಡರೆ ಅಜ್ಜಿ ಊರಿನ ಆಟ ಹೋಯಿತು. ಕ್ಲೌಡ್‌ನಲ್ಲಿ ಇರುವುದು ಒಂದೇ ಪ್ರತಿ, ಹಿಂದಿನದನ್ನು ಕೇಳಿ ಪಡೆಯಲು ಬರುವುದಿಲ್ಲ.

ಲತಾ, ನ್ಯೂಜೆರ್ಸಿ

ಇದನ್ನೆಲ್ಲ ಓದಿ ನನ್ನ ‘ಅನಿಮಲ್ ಕ್ರಾಸಿಂಗ್’ ದ್ವೀಪ ನೆನಪಾಯಿತು. ಮಗಳಿಗೆ ಎರಡನೇ ಸ್ವಿಚ್ ತಂದಾಗ, ನನ್ನ ದ್ವೀಪ ತಾನಾಗಿ ಅದರಲ್ಲೂ ಬರುತ್ತೆ ಅಂತ ಕಾದಿದ್ದೇ ಕಾದಿದ್ದು. ಬರಲೇ ಇಲ್ಲ! ಆ ಆಟಕ್ಕೆ ಈ ಕ್ಲೌಡ್ ಸೇವ್ ಇಲ್ಲವಂತೆ. ಒಂದು ಕನ್ಸೋಲ್‌ಗೆ ಒಂದೇ ದ್ವೀಪ. ಬೇರೆ ರೀತಿಯ ಬ್ಯಾಕಪ್ ಇದೆ, ಅದು ಮೆಷಿನ್ ಕಳೆದುಹೋದರೆ ಅಥವಾ ಕೆಟ್ಟರೆ ಮಾತ್ರ. ಆದ್ದರಿಂದ ಸುಮಾ, ಎಲ್ಲ ಆಟಕ್ಕೂ ಹೀಗೇ ಅಂತ ಬರೆದುಬಿಡಬೇಡಿ. ನಮ್ಮ ಮನೆಯಲ್ಲಿ ಈ ಪ್ರಶ್ನೆಯೇ ಬರಲಿಲ್ಲ, ಜಗಳ ಮಾತ್ರ ಬಂತು.

‘ಕವಲು’ ಚೆನ್ನಾಗಿದೆ. ಆದರೆ ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ‘ಕಾವಲು’ ಅಂತ ಕೇಳಿಸುತ್ತದೆ, ನನ್ನ ಮಗಳನ್ನೇ ಕೇಳಿ ನೋಡಿದೆ.

ನವೀನ್, ಬೆಂಗಳೂರು

ಪ್ರಸನ್ನ, ತಾರೀಖಿನ ಮಾತು ಒಪ್ಪಿದೆ. ಆದರೆ ಒಂದು ಅನುಮಾನ. ಪಿಸಿಯಲ್ಲಿ ನಾನು ಆರಿಸುವ ಮುಂಚೆ ಸೇವ್ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳುತ್ತೇನೆ. ಸ್ವಿಚ್‌ನಲ್ಲೂ ಮೆಮೊರಿ ಕಾರ್ಡ್‌ಗೆ ಕಾಪಿ ಹಾಕಿಟ್ಟರೆ ಹೆದರಿಕೆಯೇ ಇರಲ್ಲ, ಅಲ್ವಾ?

ಪ್ರಸನ್ನ, ಹೈದರಾಬಾದ್

ಆಗುವುದಿಲ್ಲ. ಸ್ವಿಚ್‌ನಲ್ಲಿ ಆಟವನ್ನು ಕಾರ್ಡ್‌ಗೆ ಹಾಕಬಹುದು, ಸೇವ್ ಮಾತ್ರ ಮೆಷಿನ್‌ನ ಒಳಗಿನ ಮೆಮೊರಿಯಲ್ಲೇ ಇರುತ್ತದೆ. ಎರಡೂ ಬೇಕು ಅಂತಿದ್ದರೆ ಇರುವ ದಾರಿ ಒಂದೇ: ಏನನ್ನೂ ಆರಿಸದೆ ಬಿಡುವುದು. ಲೈಟ್‌ನದು ಲೈಟ್‌ನಲ್ಲಿ, ದೊಡ್ಡದರದು ದೊಡ್ಡದರಲ್ಲಿ. ಎರಡನ್ನೂ ಮುಂದುವರಿಸಿ ಆಡಬಹುದು. ಆದರೆ ತೀರ್ಮಾನ ಆಗುವ ತನಕ ಲೈಟ್‌ನ ಆಟ ಕ್ಲೌಡ್‌ಗೆ ಹೋಗುವುದಿಲ್ಲ. ಲೈಟ್ ಕೆಳಗೆ ಬಿದ್ದು ಕೆಟ್ಟರೆ ಅದರ ಜೊತೆಗೇ ಹೋಗುತ್ತದೆ.

ಸುಮಾ ಅವರೇ, ಪದದ ವಿಷಯಕ್ಕೆ ಒಂದು ಸಲಹೆ. ‘ಉಳಿಸು’ ‘ಇಳಿಸು’ ಎರಡನ್ನೂ ಬಿಟ್ಟುಬಿಡಿ. ‘ಕಳಿಸು’, ‘ತರಿಸಿಕೋ’ ಅನ್ನಿ. ಯಾವುದು ಹೋಗುತ್ತದೆ ಅನ್ನುವುದನ್ನು ಪಕ್ಕದಲ್ಲೇ ಬರೆಯಿರಿ.

ರಾಮಚಂದ್ರ ಭಟ್, ಶಿರಸಿ

ಸೇರಿಸಲು ಬರುವುದಿಲ್ಲ ಅನ್ನುವುದು ಈಗ ಅರ್ಥವಾಯಿತು. ಆದರೂ ‘ಕವಲು’ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೊಳೆ ಕವಲಾದರೆ ಎರಡೂ ಹರಿಯುತ್ತಲೇ ಇರುತ್ತವೆ. ಇಲ್ಲಿ ಒಂದನ್ನು ಕಡಿಯಬೇಕು. ‘ಎರಡು ಕಡೆ ಆಟ ಬೇರೆಯಾಗಿದೆ’ ಅಂತ ಮಾತಿನಲ್ಲೇ ಹೇಳಿಬಿಟ್ಟರೆ ಆಗದೇ? ಎಲ್ಲದಕ್ಕೂ ಒಂಟಿ ಪದ ಬೇಕು ಅಂತ ಏನು ಹಟ?

ಸುಮಾ, ಮೈಸೂರು

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ನಿನ್ನ ಆಟ ಲೈಟ್‌ನಲ್ಲೊಂದು, ಕ್ಲೌಡ್‌ನಲ್ಲೊಂದು ಆಗಿ ಕವಲಾಗಿದೆ. ತಾರೀಖು ನೋಡಬೇಡ, ಹೃದಯ ಎಣಿಸು. ಲೈಟ್‌ನದು ಬೇಕಿದ್ದರೆ ಲೈಟ್‌ನಿಂದ ಕಳಿಸು, ಕ್ಲೌಡ್‌ನದು ಹೋಗುತ್ತದೆ. ಕ್ಲೌಡ್‌ನದು ಬೇಕಿದ್ದರೆ ಲೈಟ್‌ಗೆ ತರಿಸಿಕೋ, ಲೈಟ್‌ನದು ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ.’

ಭಟ್ ಸರ್, ‘ಕವಲು’ ಇಟ್ಟುಕೊಂಡಿದ್ದೇನೆ, ಆದರೆ ನಿಮ್ಮ ಮಾತನ್ನೂ ಅದರ ಪಕ್ಕದಲ್ಲೇ ಸೇರಿಸಿದ್ದೇನೆ. ಲತಾ ಅವರ ದ್ವೀಪಕ್ಕೂ ಒಂದು ಸಾಲು ಕೊಟ್ಟಿದ್ದೇನೆ. ಪ್ರೋಗ್ರೆಸ್‌ಗೆ ‘ಪ್ರಗತಿ’ ಹಾಕಲು ಕೈ ಬರಲಿಲ್ಲ, ಶಾಲೆಯ ಅಂಕಪಟ್ಟಿ ನೆನಪಾಗುತ್ತದೆ. ಅದಕ್ಕೆ ಎಲ್ಲ ಕಡೆ ಬರೀ ‘ಆಟ’ ಅಂದೆ. ‘ಆಡಿದಷ್ಟು’ ಅಂತ ಒಂದು ಪದ ತಲೆಗೆ ಬಂದಿದೆ, ‘ಯಾವ ಕಡೆಯ ಆಡಿದಷ್ಟನ್ನು ಇಟ್ಕೊಳ್ಳಲಿ’ ಅನ್ನುವ ಹಾಗೆ. ಕಿವಿಗೆ ಹೇಗನ್ನಿಸುತ್ತದೆ ಅಂತ ಯಾರಾದರೂ ಹೇಳಿ, ಶನಿವಾರದವರೆಗೆ ತಿದ್ದಬಹುದು.